ಶಿರಸಿ ಜಾತ್ರೆ ಯಾವ ಸಂವತ್ಸರದಲ್ಲಿ ನಡೆಯಿತು? ಅರವತ್ತರ ಚಕ್ರದ ಲೆಕ್ಕ

ಪ್ರಭವದಿಂದ ಕ್ಷಯದವರೆಗೆ ಅರವತ್ತು ಸಂವತ್ಸರಗಳಿವೆ. ಅರವತ್ತನ್ನೂ ಬಾಯಿಪಾಠ ಮಾಡಿದವರು ಸಹ ‘ಈಗ ಯಾವುದು?’ ಎಂದು ಕೇಳಿದರೆ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಪಟ್ಟಿ ಒಂದು ವಿದ್ಯೆಯಾದರೆ ಪಟ್ಟಿಯಲ್ಲಿ ನಾವೆಲ್ಲಿದ್ದೇವೆಂದು ಕಂಡುಕೊಳ್ಳುವುದು ಬೇರೆಯೇ ವಿದ್ಯೆ. ಈ ಟಿಪ್ಪಣಿ ಎರಡನೆಯದರ ಬಗ್ಗೆ. ಪಟ್ಟಿ ಯಾವ ಪಂಚಾಂಗದಲ್ಲಾದರೂ ಸಿಗುತ್ತದೆ.

ಸೂತ್ರ ಚಿಕ್ಕದು. ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಬೇಕು. ಶೇಷವೇ ಪಟ್ಟಿಯ ಕ್ರಮಾಂಕ. ಶೇಷ ಸೊನ್ನೆಯಾದರೆ ಅರವತ್ತನೆಯದಾದ ಕ್ಷಯ. 2026ರ ಯುಗಾದಿಗೆ ಶಕ 1948 ಆರಂಭ. 1948ಕ್ಕೆ 12 ಸೇರಿದರೆ 1960, ಅದರಲ್ಲಿ 1920 ಕಳೆದರೆ 40. ನಲವತ್ತನೆಯದು ಪರಾಭವ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, ಅದು ಸರದಿಯಲ್ಲಿ ಬಂದದ್ದು, ಅಷ್ಟೆ. ಈ ಚಕ್ರ ಪ್ರಭವದಿಂದ ಶುರುವಾದದ್ದು 1987ರ ಯುಗಾದಿಯಂದು. ಆಗಿನ ಶಕ 1909ಕ್ಕೆ 12 ಕೂಡಿಸಿ ಭಾಗಿಸಿದರೆ ಶೇಷ 1 ಬರುತ್ತದೆ. ಸೂತ್ರ ಮರೆತಂತಾದರೆ ಈ ಒಂದು ವರ್ಷದಿಂದ ತಾಳೆ ನೋಡಿಕೊಳ್ಳಬಹುದು.

ಗುಣಾಕಾರ, ಭಾಗಾಕಾರದಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಶಕ ವರ್ಷವನ್ನು ಹಿಡಿಯುವಲ್ಲಿ. ಇಸವಿಯಿಂದ 78 ಕಳೆಯಬೇಕೆಂದು ಶಾಲೆಯಲ್ಲಿ ಕಲಿತಿರುತ್ತೇವೆ, ಆದರೆ ಅದು ಯುಗಾದಿಯ ನಂತರದ ದಿನಗಳಿಗೆ ಮಾತ್ರ ಸರಿ. ಜನವರಿ ಒಂದರಿಂದ ಯುಗಾದಿಯ ಹಿಂದಿನ ದಿನದವರೆಗೆ 79 ಕಳೆಯಬೇಕು.

ಶಿರಸಿಯ ಮಾರಿಕಾಂಬಾ ಜಾತ್ರೆಯನ್ನೇ ತೆಗೆದುಕೊಳ್ಳೋಣ. ಎರಡು ವರ್ಷಕ್ಕೊಮ್ಮೆ ಬರುವ ಈ ಜಾತ್ರೆ 2024ರಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯಿತು. ಆ ವರ್ಷದ ಯುಗಾದಿ ಏಪ್ರಿಲ್ 9ಕ್ಕೆ. 2024ರಲ್ಲಿ 78 ಕಳೆದವರಿಗೆ ಶಕ 1946, ಶೇಷ 38, ಹೆಸರು ಕ್ರೋಧಿ. ಕ್ರೋಧಿ ಅಂದಿಗೆ ಇನ್ನೂ ಹುಟ್ಟಿಯೇ ಇರಲಿಲ್ಲ! 79 ಕಳೆದರೆ ಶಕ 1945, ಶೇಷ 37, ಹೆಸರು ಶೋಭಕೃತ್. ದೇವಿ ರಥವೇರಿದ್ದು ಶೋಭಕೃತ್ ಸಂವತ್ಸರದ ಕೊನೆಯ ದಿನಗಳಲ್ಲಿ.

ಇಲ್ಲೊಂದು ಹೊಂಡವೂ ಇದೆ. 36ನೆಯದು ಶುಭಕೃತ್, 37ನೆಯದು ಶೋಭಕೃತ್. ಮದುವೆಯ ಕರೆಯೋಲೆ ಅಚ್ಚಾಗುವಾಗ ಕರಡು ತಿದ್ದುವವರ ಕಣ್ಣು ತಪ್ಪಿ ಒಂದು ಸ್ವರ ಬದಲಾದರೆ ಇಡೀ ವರ್ಷವೇ ಹಿಂದಕ್ಕೆ ಜಾರುತ್ತದೆ. ಪಕ್ಕದಲ್ಲಿ ಶಕ ವರ್ಷವನ್ನೂ ಮುದ್ರಿಸಿದ್ದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಆದ್ದರಿಂದ ಹೆಸರು, ಅಂಕಿ ಎರಡೂ ಇರಲಿ ಎಂಬುದು ನನ್ನ ಹಟ.

ಹಳೆಯ ದಿನಾಂಕ ಹುಡುಕುವಾಗ ಆ ವರ್ಷದ ಯುಗಾದಿ ಎಂದಿತ್ತು ಎಂಬುದನ್ನು ಪಂಚಾಂಗದಲ್ಲೇ ನೋಡಬೇಕು. ಅದು ಮಾರ್ಚ್ ಉತ್ತರಾರ್ಧದಿಂದ ಏಪ್ರಿಲ್ ಮಧ್ಯದವರೆಗೆ ಓಡಾಡುತ್ತಿರುತ್ತದೆ. 2020ರ ಯುಗಾದಿ ಮಾರ್ಚ್ 25ಕ್ಕೆ ಬಂತು; ಕೊರೋನಾ ಕಾಲದಲ್ಲಿ ದೇಶಕ್ಕೆ ಬೀಗ ಬಿದ್ದ ಮೊದಲ ದಿನವೂ ಅದೇ. ಹೊಸ ಸಂವತ್ಸರ ಶಾರ್ವರಿ, ಅಂದರೆ ರಾತ್ರಿ. ಆ ಕಾಕತಾಳೀಯ ಮನಸ್ಸಿನಲ್ಲಿ ಉಳಿದರೆ 34ನೆಯ ಹೆಸರೂ ಉಳಿಯುತ್ತದೆ. ಸರ್ಕಾರದ ರಾಷ್ಟ್ರೀಯ ಪಂಚಾಂಗದ ಶಕ ವರ್ಷ ಮಾತ್ರ ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ ಶುರುವಾಗುತ್ತದೆ. ಅದನ್ನು ಯುಗಾದಿಯೊಂದಿಗೆ ಬೆರೆಸಬಾರದು.

ಕಾರವಾರದಿಂದ ಕರಾವಳಿಗುಂಟ ದಕ್ಷಿಣಕ್ಕೆ ಇಳಿದು ತುಳುನಾಡು ತಲುಪಿದರೆ ಸೌರಮಾನ ಎದುರಾಗುತ್ತದೆ. ಅಲ್ಲಿ ಹೊಸ ವರ್ಷ ಏಪ್ರಿಲ್ ಮಧ್ಯದ ಬಿಸುವಿಗೆ. ಅದನ್ನು ಅನುಸರಿಸುವ ಮನೆಯಲ್ಲಿ ಯುಗಾದಿಗೂ ಬಿಸುವಿಗೂ ನಡುವೆ ಹುಟ್ಟಿದ ಮಗುವಿನ ಜಾತಕದಲ್ಲಿ ಹಿಂದಿನ ಸಂವತ್ಸರವೇ ಇರಬಹುದು, ಅದು ತಪ್ಪಲ್ಲ. ಕಾರವಾರದವರಿಗೆ ಪರಿಚಿತವಾದ ಮರಾಠಿ ಕ್ಯಾಲೆಂಡರ್‌ಗಳಲ್ಲಿ ಈ ತೊಡಕಿಲ್ಲ, ಹೆಸರು ನಮ್ಮದೇ. ಉತ್ತರ ಭಾರತದ ಪಂಚಾಂಗದಲ್ಲಿ ಮಾತ್ರ ಅದೇ ವರ್ಷಕ್ಕೆ ಬೇರೆಯೇ ಹೆಸರು. ಗುರು ಗ್ರಹ ಸರಾಸರಿ ಲೆಕ್ಕದಲ್ಲಿ ಒಂದು ರಾಶಿಯನ್ನು ದಾಟಲು ಸುಮಾರು 361 ದಿನ ಬೇಕು, ಸೌರವರ್ಷಕ್ಕಿಂತ ನಾಲ್ಕು ದಿನ ಕಡಿಮೆ. ಆ ಲೆಕ್ಕ ಹಿಡಿದವರು ಸುಮಾರು 85 ವರ್ಷಕ್ಕೊಂದು ಹೆಸರನ್ನು ಹಾರಿಸುತ್ತಾರೆ. ದಕ್ಷಿಣದಲ್ಲಿ ಹಾರಿಸುವುದನ್ನು ಸಾವಿರ ವರ್ಷಕ್ಕೂ ಹಿಂದೆಯೇ ಬಿಟ್ಟಿದ್ದರಿಂದ ಈಗ ಅಂತರ ಹತ್ತು ಹೆಸರುಗಳನ್ನೂ ಮೀರಿದೆ.

ಬನವಾಸಿ, ಸೋಂದಾ ಕಡೆ ಶಾಸನ ಓದಲು ಹೊರಟವರಿಗೂ ಇದೇ ಸೂತ್ರ ಸಾಕು. ಸಂವತ್ಸರದ ಹೆಸರೊಂದೇ ಇದ್ದರೆ ಕಾಲ ತಿಳಿಯದು, ಅರವತ್ತು ವರ್ಷಕ್ಕೊಮ್ಮೆ ಅದು ಮರಳುತ್ತದೆ. ಶಕವೂ ಇದ್ದರೆ ತಾಳೆ ನೋಡಬಹುದು. ವಿಜಯನಗರ ಸ್ಥಾಪನೆಗೆ ಹೇಳುವ ಶಕ 1258, ಧಾತು ಸಂವತ್ಸರ: 1270ನ್ನು 60ರಿಂದ ಭಾಗಿಸಿದರೆ ಶೇಷ 10, ಪಟ್ಟಿಯ ಹತ್ತನೆಯದು ಧಾತುವೇ. ಕಲ್ಲಿನ ಮೇಲಿನ ಶಕ ಒಂದು ಹೆಚ್ಚಾಗಿ ಕಂಡರೆ ಬರೆದವನು ಸಂದ ವರ್ಷದ ಬದಲು ನಡೆಯುತ್ತಿರುವ ವರ್ಷವನ್ನು ಎಣಿಸಿರುವ ಸಾಧ್ಯತೆಯಿದೆ. ಆಗ ಸಂವತ್ಸರದ ಹೆಸರನ್ನು ನಂಬಿ ಶಕದಲ್ಲಿ ಒಂದು ಕಳೆದು ಮುಂದುವರಿಯಬಹುದು.