ಪಂಪ್ ತಿರುಗುತ್ತಿದ್ದರೂ ಫ್ಯಾನ್ ಇಲ್ಲ ಎನ್ನುವ ಬೋರ್ಡ್

ಹೊಸದಾಗಿ ಜೋಡಿಸಿದ ಕಂಪ್ಯೂಟರ್. ಪ್ರೊಸೆಸರ್ ಮೇಲೆ ಲಿಕ್ವಿಡ್ ಕೂಲರ್ ಕೂತಿದೆ, ರೇಡಿಯೇಟರ್‌ನ ಎರಡು ಫ್ಯಾನುಗಳು ತಿರುಗುತ್ತಿವೆ, ಪಂಪ್ ಮೇಲೆ ಬೆರಳಿಟ್ಟರೆ ಸಣ್ಣಗೆ ನಡುಕ ಗೊತ್ತಾಗುತ್ತದೆ. ಆದರೂ ಪರದೆಯ ಮೇಲೆ ಒಂದು ಸಾಲು ಬಂದು ನಿಂತುಬಿಡುತ್ತದೆ:

```
CPU Fan Error!
Press F1 to Run SETUP
```

F1 ಒತ್ತಿ, ಏನನ್ನೂ ಬದಲಿಸದೆ ಹೊರಗೆ ಬಂದರೆ ಎಲ್ಲವೂ ಸರಿಯಾಗಿ ಓಡುತ್ತದೆ. ಮರುದಿನ ಮತ್ತೆ ಅದೇ ಸಾಲು. ಗೆಳೆಯನೊಬ್ಬ ಎರಡು ವಾರ ಹೀಗೆ F1 ಒತ್ತಿಕೊಂಡೇ ದಿನ ದೂಡಿ, ಕೊನೆಗೆ ಕೂಲರ್ ಕೆಟ್ಟಿದೆ ಎಂದು ತೀರ್ಮಾನಿಸಿ ನನ್ನನ್ನು ಕರೆದ. ಕೂಲರ್ ಕೆಟ್ಟಿರಲಿಲ್ಲ. ಅದರ ತಂತಿಗಳು ತಪ್ಪು ಜಾಗದಲ್ಲಿದ್ದವು, ಅಷ್ಟೆ.

ಮದರ್‌ಬೋರ್ಡಿಗೆ ಫ್ಯಾನು ಕಾಣುವುದಿಲ್ಲ, ಅದಕ್ಕೆ ಮಿಡಿತ ಎಣಿಸುವುದೊಂದೇ ಗೊತ್ತು. ಫ್ಯಾನಿನ ಪ್ಲಗ್ಗಿನಲ್ಲಿ ಮೂರು ಅಥವಾ ನಾಲ್ಕು ತಂತಿಗಳಿರುತ್ತವೆ. ಮೊದಲನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್. ಮೂರನೆಯದು ಫ್ಯಾನು ಬೋರ್ಡಿಗೆ ವರದಿ ಒಪ್ಪಿಸುವ ತಂತಿ: ಒಂದು ಸುತ್ತಿಗೆ ಎರಡು ಮಿಡಿತ. ನಾಲ್ಕನೆಯದಿದ್ದರೆ, ಅದು ಬೋರ್ಡು ಫ್ಯಾನಿಗೆ ವೇಗ ಹೇಳಿ ಕಳಿಸುವ ದಾರಿ. ನಿಮಿಷಕ್ಕೆ 600 ಸುತ್ತು ತಿರುಗುವ ಫ್ಯಾನಿನಿಂದ ಸೆಕೆಂಡಿಗೆ 20 ಮಿಡಿತ ಬರುತ್ತವೆ. 2,700 ಸುತ್ತಿನ ಪಂಪಿನಿಂದ 90.

ಬೋರ್ಡಿನ ಮೇಲೆ ಈ ಪ್ಲಗ್ಗುಗಳು ಕೂರುವ ಪಿನ್ನುಗಳ ಸಾಲು, ಅಂದರೆ ಹೆಡರ್, ನಾಲ್ಕೈದು ಕಡೆ ಇದ್ದರೂ, ಕಂಪ್ಯೂಟರ್ ಶುರುವಾಗುವಾಗ ಅದು ಕಡ್ಡಾಯವಾಗಿ ಕಿವಿಗೊಡುವುದು ಸಾಮಾನ್ಯವಾಗಿ ಒಂದಕ್ಕೇ: `CPU_FAN` ಎಂದು ಬರೆದಿರುವುದಕ್ಕೆ. ಅಲ್ಲಿಂದ ಮಿಡಿತ ಬರದಿದ್ದರೆ, ಪ್ರೊಸೆಸರ್ ತಣಿಸುವವರು ಯಾರೂ ಇಲ್ಲ ಎಂದೇ ಅದರ ಲೆಕ್ಕ. ಪಕ್ಕದ ಹೆಡರ್‌ನಲ್ಲಿ ಪಂಪ್ ಎಷ್ಟೇ ಜೋರಾಗಿ ತಿರುಗಲಿ, ಈ ಲೆಕ್ಕ ಬದಲಾಗುವುದಿಲ್ಲ.

ಗೆಳೆಯನ ಕಂಪ್ಯೂಟರಿನಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲು F1 ಒತ್ತಿ ಬಯಾಸ್‌ನ `Monitor` ಪುಟ ನೋಡಿದೆವು. `CPU Fan Speed` ಎದುರು `N/A`. `Chassis Fan 1` ಎದುರು 900ರ ಆಸುಪಾಸು. `Chassis Fan 2` ಎದುರು 2,040. ಈ ಕೊನೆಯ ಸಂಖ್ಯೆಯೇ ಸುಳಿವು. ಪೆಟ್ಟಿಗೆಯ ಫ್ಯಾನುಗಳು ಸುಮ್ಮನಿರುವಾಗ ಎರಡು ಸಾವಿರ ಸುತ್ತು ತಿರುಗಿದರೆ ಕೋಣೆಯಿಡೀ ಕೇಳಿಸುತ್ತಿತ್ತು. ಇದು ಪಂಪೇ. ಅಂದರೆ ಪಂಪನ್ನೂ ರೇಡಿಯೇಟರ್ ಫ್ಯಾನುಗಳನ್ನೂ ಪೆಟ್ಟಿಗೆಯ ಫ್ಯಾನುಗಳಿಗಿರುವ ಹೆಡರ್‌ಗಳಿಗೆ ಹಾಕಿ, `CPU_FAN` ಅನ್ನು ಖಾಲಿ ಬಿಟ್ಟಿದ್ದ. ಕೂಲರ್‌ನಲ್ಲಿ 'ಸಿಪಿಯು ಫ್ಯಾನ್' ಅನ್ನುವಂಥದ್ದು ಯಾವುದೂ ಕಾಣಲಿಲ್ಲವಲ್ಲ, ಅದಕ್ಕೇ ಬಿಟ್ಟೆ ಎಂದ. ತಪ್ಪೆನ್ನಲಾಗದ ತರ್ಕ.

ಇನ್ನೊಂದು ಸಂಗತಿ ನನಗೆ ಸಂದೇಶಕ್ಕಿಂತ ದೊಡ್ಡದಾಗಿ ಕಂಡಿತು. ಪಂಪಿನ ವೇಗ 2,040ರಲ್ಲಿ ನಿಂತಿರಲಿಲ್ಲ. ಕಂಪ್ಯೂಟರಿಗೆ ಕೆಲಸ ಕೊಟ್ಟಾಗ 2,700 ದಾಟುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಪೆಟ್ಟಿಗೆಯ ಫ್ಯಾನಿನ ಹೆಡರ್ ಶಾಖ ನೋಡಿಕೊಂಡು ವೇಗ ಬದಲಿಸುತ್ತದೆ, ಮೂರು ತಂತಿಯ ಪಂಪಾದರೆ ವೋಲ್ಟೇಜನ್ನೇ ತಗ್ಗಿಸುತ್ತದೆ. ಫ್ಯಾನಿಗೆ ಅದು ಸರಿ, ಪಂಪಿಗೆ ಅಲ್ಲ. ವೋಲ್ಟೇಜ್ ತೀರಾ ಇಳಿದರೆ ಪಂಪ್ ಶುರುವಾಗದೆಯೇ ಉಳಿಯಬಹುದು. ಎರಡು ದಿನಕ್ಕೊಮ್ಮೆ ಗುರ್ ಎನ್ನುತ್ತದೆ ಎಂದು ಅವನು ದೂರಿದ್ದಕ್ಕೂ ಈ ಏರಿಳಿತವೇ ಕಾರಣವಾಗಿತ್ತು.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಕಂಪ್ಯೂಟರ್ ಆರಿಸಿ, ಪವರ್ ಸಪ್ಲೈಯ ಹಿಂದಿನ ಸ್ವಿಚ್ಚನ್ನೂ ಆರಿಸಿದೆವು. ಪಂಪಿನ ಪ್ಲಗ್ಗನ್ನು `AIO_PUMP` ಎಂದು ಬರೆದ ಹೆಡರ್‌ಗೆ ಹಾಕಿದೆವು. ಕೆಲವು ಬೋರ್ಡುಗಳಲ್ಲಿ ಇದಕ್ಕೆ `PUMP_FAN` ಎಂಬ ಹೆಸರಿರುತ್ತದೆ. ಮೂರು ತೂತಿನ ಪ್ಲಗ್ ನಾಲ್ಕು ಪಿನ್ನಿನ ಹೆಡರ್‌ಗೂ ಕೂರುತ್ತದೆ, ಬದಿಯ ಪಟ್ಟಿ ದಾರಿ ತೋರಿಸುವುದರಿಂದ ತಿರುಗುಮುರುಗಾಗುವ ಭಯವಿಲ್ಲ. ರೇಡಿಯೇಟರ್‌ನ ಎರಡು ಫ್ಯಾನುಗಳು ಕವಲು ತಂತಿಯ ಮೂಲಕ `CPU_FAN`ಗೆ ಹೋದವು.

ಕವಲು ತಂತಿಯಲ್ಲೂ ಒಂದು ಗುಟ್ಟಿದೆ. ಅದರ ಎರಡು ಕವಲುಗಳಲ್ಲಿ ಒಂದರಲ್ಲಿ ಮಾತ್ರ ಮೂರನೆಯ ಪಿನ್ ಇರುತ್ತದೆ, ಇನ್ನೊಂದರಲ್ಲಿ ಆ ಜಾಗ ಖಾಲಿ. ಎರಡು ಫ್ಯಾನುಗಳ ಮಿಡಿತ ಒಂದೇ ತಂತಿಯಲ್ಲಿ ಬೆರೆತರೆ ಬೋರ್ಡಿನ ಎಣಿಕೆ ಕೆಡುತ್ತದೆ, ಅದಕ್ಕೇ ಈ ಏರ್ಪಾಡು. ಒಂದೇ ಫ್ಯಾನ್ ಇದ್ದು ಅದನ್ನು ಖಾಲಿ ಪಿನ್ನಿನ ಕವಲಿಗೆ ಹಾಕಿದರೆ, ಫ್ಯಾನು ಚೆನ್ನಾಗಿಯೇ ತಿರುಗುತ್ತದೆ, ಸಂದೇಶವೂ ಬರುತ್ತದೆ.

ಆಮೇಲೆ ಬಯಾಸ್. ಪಂಪಿನ ಹೆಡರ್‌ಗೆ ವೇಗ ನಿಯಂತ್ರಣವೇ ಬೇಡವೆಂದು `Disabled` ಮಾಡಿದೆವು. ಇಲ್ಲಿ ಹಾಗೆಂದರೆ ಪಂಪ್ ನಿಲ್ಲುತ್ತದೆಂದಲ್ಲ, ಪೂರ್ತಿ ವೇಗದಲ್ಲಿ ಓಡುತ್ತದೆಂದು. ಹೆಸರು ಹೆದರಿಸುವಂತಿದೆ, ಏನು ಮಾಡುವುದು. ಫ್ಯಾನುಗಳಿಗೆ ನಾಲ್ಕು ತಂತಿ ಇದ್ದುದರಿಂದ `CPU_FAN` ಅನ್ನು ಆ ನಾಲ್ಕನೆಯ ತಂತಿಯಿಂದಲೇ ವೇಗ ಹೇಳುವ `PWM Mode`ಗೆ ಇಟ್ಟೆವು. ಪಂಪಿಗೆಂದೇ ಹೆಡರ್ ಇಲ್ಲದ ಬೋರ್ಡಾದರೆ ಪೆಟ್ಟಿಗೆ ಫ್ಯಾನಿನ ಹೆಡರ್ ಒಂದನ್ನೇ ಪೂರ್ತಿ ವೇಗಕ್ಕೆ ಕಟ್ಟಿಹಾಕಿ ಬಳಸಬಹುದು. `CPU_OPT` ಎಂಬ ಹೆಡರ್ ಮಾತ್ರ ಬೇಡ. ಎಷ್ಟೋ ಬೋರ್ಡುಗಳಲ್ಲಿ ಅದು `CPU_FAN`ನ ನೆರಳು, ಫ್ಯಾನ್ ನಿಧಾನವಾದರೆ ಪಂಪೂ ನಿಧಾನವಾಗುತ್ತದೆ.

ಎರಡು ದಿನ ಸಂದೇಶವಿಲ್ಲ. ಮೂರನೆಯ ಬೆಳಿಗ್ಗೆ ಮತ್ತೆ ಬಂತು! ಈ ಸಲ `Monitor` ಪುಟದಲ್ಲಿ `N/A` ಇರಲಿಲ್ಲ, 480 ಇತ್ತು. ಎರಡರ ನಡುವಿನ ವ್ಯತ್ಯಾಸ ಗಮನಿಸಬೇಕು: `N/A` ಅಂದರೆ ಮಿಡಿತವೇ ಬರುತ್ತಿಲ್ಲ, ತಂತಿ ನೋಡಿ. ಸಂಖ್ಯೆ ಕಂಡರೆ ಮಿಡಿತ ಬರುತ್ತಿದೆ, ಬೋರ್ಡಿನ ನಿರೀಕ್ಷೆಗಿಂತ ನಿಧಾನವಾಗಿ. ಪ್ರೊಸೆಸರ್ ತಣ್ಣಗಿದ್ದಾಗ ರೇಡಿಯೇಟರ್ ಫ್ಯಾನುಗಳು ತೂಕಡಿಸುತ್ತಿದ್ದವು, ಬೋರ್ಡಿನ `CPU Fan Speed Lower Limit` 600 RPMನಲ್ಲಿತ್ತು. ಅದನ್ನು 300 RPMಗೆ ಇಳಿಸಿದ ಮೇಲೆ ಕಾಟ ತಪ್ಪಿತು.

ಅದೇ ಪಟ್ಟಿಯಲ್ಲಿ `Ignore` ಎಂಬ ಆಯ್ಕೆಯೂ ಇದೆ, ಬಹಳ ಜನ ನೇರವಾಗಿ ಅದನ್ನೇ ಒತ್ತುತ್ತಾರೆ. ಪಂಪಿನ ತಂತಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡದೆ ಅದನ್ನು ಒತ್ತಿದರೆ ಗೆಳೆಯನ ಪಂಪಿನಂತೆ ಏರಿಳಿಯುವ ಪಂಪ್ ಹಾಗೆಯೇ ಮುಂದುವರಿಯುತ್ತದೆ, ಹೇಳುವವರಿರುವುದಿಲ್ಲ.

ಕೆಲವು ಕೂಲರ್‌ಗಳ ಕೈಪಿಡಿ ಪಂಪನ್ನೇ `CPU_FAN`ಗೆ ಹಾಕಿ ಎನ್ನುತ್ತದೆ. ಅಂಥ ಪ್ಲಗ್ಗನ್ನು ತಿರುಗಿಸಿ ನೋಡಿ. ಒಂದೇ ತಂತಿ ಇದ್ದರೆ ಅದು ವರದಿಯ ತಂತಿ ಮಾತ್ರ, ಪಂಪಿಗೆ ವಿದ್ಯುತ್ ಬೇರೆ ಕಡೆಯಿಂದ ಬರುತ್ತದೆ. ಹಾಗಿದ್ದರೆ ಕೈಪಿಡಿ ಹೇಳಿದಂತೆ ಮಾಡುವುದೇ ಒಳ್ಳೆಯದು, ಬೋರ್ಡು ಕಾಯುವುದು ನಿಜವಾಗಿ ಮುಖ್ಯವಾದ ಪಂಪನ್ನೇ. ನಾವು ಮಾಡಿದ ಜೋಡಣೆಯ ಕೊರತೆ ಇಲ್ಲೇ ಇದೆ: ನಮ್ಮ `CPU_FAN` ಈಗ ಫ್ಯಾನನ್ನು ಕಾಯುತ್ತದೆ, ಪಂಪ್ ನಿಂತರೆ ಆ ಸಂದೇಶ ಬರುವುದಿಲ್ಲ.

ಹಾಗಾಗಿ ಅವನಿಗೆ ಪಂಪನ್ನು ನೋಡಿಕೊಳ್ಳುವ ಎರಡು ದಾರಿ ಹೇಳಿಬಂದೆ. ಪಂಪಿನ ಸಂಖ್ಯೆ ಯಾವಾಗ ನೋಡಿದರೂ 2,700ರ ಹತ್ತಿರ ಇರಬೇಕು, ಕುಣಿಯಬಾರದು. ಇನ್ನೊಂದು, ಕಂಪ್ಯೂಟರ್ ಭಾರೀ ಕೆಲಸದಲ್ಲಿರುವಾಗ ರೇಡಿಯೇಟರ್‌ನ ಎರಡೂ ಕೊಳವೆಗಳನ್ನು ಮುಟ್ಟಿ ನೋಡುವುದು. ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದ್ದರೆ 100 ವಾಟ್ ಶಾಖ ಅದನ್ನು ಬಿಸಿ ಮಾಡುವುದು ಸುಮಾರು 1.4 ಡಿಗ್ರಿ ಮಾತ್ರ. ಅಷ್ಟು ವ್ಯತ್ಯಾಸ ಬೆರಳಿಗೆ ತಿಳಿಯದು, ಎರಡೂ ಕೊಳವೆ ಒಂದೇ ಬೆಚ್ಚಗಿರಬೇಕು. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ, ಅಥವಾ ಪ್ರೊಸೆಸರ್ 95 ಡಿಗ್ರಿ ಮುಟ್ಟಿದ್ದರೂ ಎರಡೂ ತಣ್ಣಗಿದ್ದರೆ, ಒಳಗೆ ನೀರು ಹರಿಯುತ್ತಿಲ್ಲ.