ರಬ್ಬರ್ ಹಿಡಿಯುವ ಮೊದಲು ಚಿಹ್ನೆ ನೋಡಿ

ಮಂಗಳೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತೇನೆ. ರೆಕಾರ್ಡ್ ತಿದ್ದುವಾಗ ನನಗೆ ಸಿಟ್ಟು ಬರುವುದು ದೊಡ್ಡ ದೋಷ ಕಂಡಾಗ ಅಲ್ಲ, ರಬ್ಬರ್ ಉಜ್ಜಿದ ಗುರುತು ಕಂಡಾಗ.

ಮೊನ್ನೆ ಲೋಲಕದ ಪ್ರಯೋಗ. ಒಬ್ಬಳ ಪುಸ್ತಕದಲ್ಲಿ 20 ಆಂದೋಲನಕ್ಕೆ 40.1 ಸೆಕೆಂಡ್, ಗುರುತ್ವ ವೇಗೋತ್ಕರ್ಷ g ಬೆಲೆ 9.82, ಶೇಕಡಾ ದೋಷ 0.1. ಕಾಗದವನ್ನು ಬೆಳಕಿಗೆ ಹಿಡಿದರೆ 40.1ರ ಅಡಿಯಲ್ಲಿ 40.4 ಕಾಣುತ್ತಿತ್ತು. "ಎಂತ ಮಾರಾಯ್ತಿ ಇದು?" ಎಂದೆ. "9.68 ಬಂತು ಸರ್, ಮಾರ್ಕ್ಸ್ ಹೋಗ್ತದಲ್ವಾ" ಎಂದಳು.

ಅಳೆದ ಬೆಲೆಯಿಂದ ನಿಜ ಬೆಲೆ ಕಳೆದು, ನಿಜ ಬೆಲೆಯಿಂದಲೇ ಭಾಗಿಸಿ, ನೂರರಿಂದ ಗುಣಿಸುವುದು ಎಲ್ಲರಿಗೂ ಗೊತ್ತು. ಆಮೇಲೆ ಮೈನಸ್ ಚಿಹ್ನೆಯನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಅಂತಿಮ ಉತ್ತರದಲ್ಲಿ ಬಿಡಬಹುದು, ಪುಸ್ತಕಗಳೂ ಬಿಡುತ್ತವೆ. ಆದರೆ ತಪ್ಪು ಎಲ್ಲಾಗಿದೆ ಎಂದು ಹುಡುಕುವಾಗ ಆ ಚಿಹ್ನೆ ಬೇಕೇ ಬೇಕು.

ನಿಜ ಬೆಲೆ ಯಾವುದು ಎನ್ನುವುದನ್ನೂ ನೋಡಬೇಕು. 9.81 ಎಲ್ಲ ಊರಿಗೂ ಸರಿಹೊಂದುವುದಿಲ್ಲ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಮಂಗಳೂರಲ್ಲಿ g ಸುಮಾರು 9.78. ಅದರ ಜೊತೆ ಹೋಲಿಸಿದರೆ 9.68ರ ದೋಷ ಮೈನಸ್ 1 ಶೇಕಡಾ.

ಮೈನಸ್ 1 ಎಂದ ಕೂಡಲೇ ನಾನು ದಾರದ ಉದ್ದ ಕೇಳುತ್ತೇನೆ. ಅವಳು ಗುಂಡಿನ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದಳು, ಸರಿಯಾಗಿ 100 ಸೆಂ.ಮೀ. ಉದ್ದ ಅಳೆಯಬೇಕಾದದ್ದು ಗುಂಡಿನ ಮಧ್ಯದವರೆಗೆ. ಉದ್ದ ಕಡಿಮೆ ಹಿಡಿದರೆ g ಕೂಡ ಅಷ್ಟೇ ಶೇಕಡಾ ಕಡಿಮೆ ಬರುತ್ತದೆ.

ಅದೇ ಪ್ಲಸ್ 11ರ ಹತ್ತಿರ ಬಂದರೆ ಉದ್ದದ ತಂಟೆ ಅಲ್ಲ, ಎಣಿಕೆಯದ್ದು. ಸ್ಟಾಪ್‌ವಾಚ್ ಒತ್ತುವಾಗ "ಸೊನ್ನೆ" ಎನ್ನುವ ಬದಲು "ಒಂದು" ಎಂದು ಶುರುಮಾಡುತ್ತಾರೆ. ಇಪ್ಪತ್ತು ಎನ್ನುವಷ್ಟರಲ್ಲಿ ಆಗಿರುವುದು ಹತ್ತೊಂಬತ್ತೇ ಆಂದೋಲನ. ಅವಧಿ 5 ಶೇಕಡಾ ಕಡಿಮೆಯಾಗುತ್ತದೆ. ಸೂತ್ರದ ಛೇದದಲ್ಲಿ ಅವಧಿಯ ವರ್ಗ ಇರುವುದರಿಂದ g ಬೆಲೆ ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. ಪ್ರತಿ ವರ್ಷ ಎರಡು ಮೂರು ಬ್ಯಾಚಿನಲ್ಲಿ ಇದು ಆಗುತ್ತದೆ. ಪಕ್ಕದವನ ಜೊತೆ ಹರಟೆ ಇದ್ದರೆ ಖಂಡಿತ.

ಒಂದೇ ರೀಡಿಂಗ್ ನಂಬಿ ಹೀಗೆ ತೀರ್ಪು ಕೊಡಬೇಡಿ. ವಾಚ್ ಒತ್ತುವಲ್ಲಿ 0.2 ಸೆಕೆಂಡ್ ಆಚೀಚೆ ಆದರೂ g ಬೆಲೆ 1 ಶೇಕಡಾ ಅಲ್ಲಾಡುತ್ತದೆ. ಆದರೆ ಕೈಯ ತಪ್ಪು ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಬರುವುದೇ ಜಾಸ್ತಿ. ಐದು ಸಲ ಮಾಡಿ ಐದೂ ಮೈನಸ್ ಬಂದರೆ ಆಗ ಸ್ಕೇಲಿನ ಕಡೆ ನೋಡಿ.

ಅವಳಿಗೆ ಕ್ಯಾಲಿಪರ್ಸ್ ಕೊಟ್ಟೆ. ಗುಂಡಿನ ಅಡ್ಡಳತೆ 2 ಸೆಂ.ಮೀ. ಅರ್ಧ ಕೂಡಿಸಿ ಉದ್ದ 101 ಮಾಡಿದಳು, ಅಳಿಸಿದ 40.4 ಅನ್ನೇ ಮತ್ತೆ ಬರೆದಳು. 9.77 ಬಂತು. "ಇನ್ನೂ ಮೈನಸ್ಸೇ ಸರ್" ಎಂದು ರಬ್ಬರ್ ಹುಡುಕತೊಡಗಿದಳು. ರಬ್ಬರ್ ನನ್ನ ಜೇಬಿನಲ್ಲಿತ್ತು.