ಆರು ಪತ್ರಿಕೆ, ಮೂರು ಸ್ಲಾಟ್, ಒಂದು ಗೆರೆ

ಒಂದು ಚಿಕ್ಕ ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯ ಲೆಕ್ಕ ಹಿಡಿಯೋಣ. ಆರು ಪತ್ರಿಕೆಗಳು. ಭಾಷೆ ಎಲ್ಲರಿಗೂ ಕಡ್ಡಾಯ. ಇತಿಹಾಸ, ಅರ್ಥಶಾಸ್ತ್ರ, ಗಣಿತ, ಭೌತಶಾಸ್ತ್ರ, ಭೂಗೋಳ ಈ ಐದರಲ್ಲಿ ಪ್ರತಿಯೊಬ್ಬರೂ ಎರಡನ್ನು ಆರಿಸಿಕೊಂಡಿದ್ದಾರೆ. ಅಂದಮೇಲೆ ಯಾರೂ ಮೂರಕ್ಕಿಂತ ಜಾಸ್ತಿ ಪರೀಕ್ಷೆ ಬರೆಯುವುದಿಲ್ಲ. ಹಾಗಿದ್ದರೆ ಮೂರು ಸ್ಲಾಟ್, ಅಂದರೆ ಪರೀಕ್ಷೆಗೆ ಮೂರು ಬೇರೆ ಬೇರೆ ಹೊತ್ತು, ಸಾಕಲ್ವಾ?

ಸಾಕಾಗಬಹುದು, ಆಗದೆಯೂ ಇರಬಹುದು. ಯಾರು ಎಷ್ಟು ಪತ್ರಿಕೆ ಬರೆಯುತ್ತಾರೆ ಅನ್ನುವುದಷ್ಟೇ ಇಲ್ಲಿ ಮುಖ್ಯವಲ್ಲ, ಯಾವುದರ ಜೊತೆ ಯಾವುದನ್ನು ಬರೆಯುತ್ತಾರೆ ಅನ್ನುವುದೂ ಮುಖ್ಯ. ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಲು ಒಂದು ಹಾಳೆ ಸಾಕು. ಪ್ರತಿ ಪತ್ರಿಕೆಗೂ ಒಂದು ಚುಕ್ಕೆ ಇಡಿ. ಎರಡು ಪತ್ರಿಕೆಗಳನ್ನೂ ಬರೆಯುವ ಒಬ್ಬನೇ ಒಬ್ಬ ವಿದ್ಯಾರ್ಥಿ ಇದ್ದರೂ ಆ ಎರಡು ಚುಕ್ಕೆಗಳ ನಡುವೆ ಗೆರೆ ಎಳೆಯಿರಿ. ಹೀಗೆ ಚುಕ್ಕೆ-ಗೆರೆಗಳಿಂದ ಆಗುವ ಚಿತ್ರಕ್ಕೇ ಗ್ರಾಫ್ ಅನ್ನುವುದು. ಈಗ ಪ್ರತಿ ಸ್ಲಾಟ್‌ಗೂ ಒಂದು ಬಣ್ಣ ಅಂದುಕೊಂಡು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ನಿಯಮ ಒಂದೇ: ಗೆರೆಯ ಎರಡು ತುದಿಗೂ ಒಂದೇ ಬಣ್ಣ ಬರಬಾರದು. ಹಾಗೆ ಹಚ್ಚಿ ಮುಗಿಸಿದರೆ ವೇಳಾಪಟ್ಟಿ ತಯಾರಾದ ಹಾಗೆಯೇ, ಯಾರಿಗೂ ಒಂದೇ ಹೊತ್ತಿಗೆ ಎರಡು ಪತ್ರಿಕೆ ಬರುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಇತಿಹಾಸ-ಅರ್ಥಶಾಸ್ತ್ರ ತೆಗೆದುಕೊಂಡವರು 40 ಜನ, ಅರ್ಥಶಾಸ್ತ್ರ-ಗಣಿತ 35, ಗಣಿತ-ಭೌತಶಾಸ್ತ್ರ 60, ಇತಿಹಾಸ-ಭೂಗೋಳ 25 ಅಂತಿಟ್ಟುಕೊಳ್ಳಿ. ಭಾಷೆಯಿಂದ ಉಳಿದ ಐದಕ್ಕೂ ಗೆರೆ ಇದ್ದೇ ಇದೆ, ಹಾಗಾಗಿ ಅದಕ್ಕೆ ಅದರದೇ ಒಂದು ಸ್ಲಾಟ್ ಕೊಟ್ಟುಬಿಡೋಣ, ಅದನ್ನು ಬೇರೆ ಯಾವ ಪತ್ರಿಕೆಯೂ ಹಂಚಿಕೊಳ್ಳುವಂತಿಲ್ಲ. ಉಳಿದ ಐದು ಪತ್ರಿಕೆಗಳು ಸರಪಳಿಯ ಹಾಗೆ ಸಾಲಾಗಿ ನಿಲ್ಲುತ್ತವೆ: ಭೂಗೋಳ, ಇತಿಹಾಸ, ಅರ್ಥಶಾಸ್ತ್ರ, ಗಣಿತ, ಭೌತಶಾಸ್ತ್ರ. ಒಂದು ಬಿಟ್ಟು ಒಂದಕ್ಕೆ ಕೆಂಪು, ನೀಲಿ, ಕೆಂಪು, ನೀಲಿ, ಕೆಂಪು ಅಂತ ಹಚ್ಚಿದರೆ ಎರಡೇ ಬಣ್ಣದಲ್ಲಿ ಮುಗಿಯಿತು. ಭಾಷೆಯೂ ಸೇರಿ ಮೂರು ಸ್ಲಾಟ್.

ಈಗ ಒಬ್ಬಳು ವಿದ್ಯಾರ್ಥಿನಿ ಬಂದು ಭೌತಶಾಸ್ತ್ರ ಮತ್ತು ಭೂಗೋಳ ಆರಿಸಿಕೊಳ್ಳುತ್ತಾಳೆ. ತೀರಾ ಸಹಜವಾದ ಆಯ್ಕೆ. ಆದರೆ ಸರಪಳಿಯ ಎರಡು ತುದಿಗಳನ್ನು ಈ ಹೊಸ ಗೆರೆ ಜೋಡಿಸಿತು, ಐದು ಚುಕ್ಕೆಗಳ ಬಳೆಯಾಯಿತು. ತುದಿಗಳೆರಡೂ ಕೆಂಪು! ಸರಿ, ಒಂದು ತುದಿಯನ್ನು ನೀಲಿ ಮಾಡಿದರೆ? ಆಗ ಅದರ ಪಕ್ಕದ್ದು ನೀಲಿ, ಅಲ್ಲಿ ಜಗಳ. ಅದನ್ನು ಕೆಂಪು ಮಾಡಿದರೆ ಜಗಳ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ, ಅಷ್ಟೇ. ಬಳೆಯಲ್ಲಿ ಚುಕ್ಕೆಗಳ ಸಂಖ್ಯೆ ಬೆಸ ಇದ್ದರೆ ಎರಡು ಬಣ್ಣದಲ್ಲಿ ಯಾವ ಜಾಣತನವೂ ನಡೆಯುವುದಿಲ್ಲ. ಮೂರನೆಯದು ಬೇಕೇ ಬೇಕು, ಭಾಷೆಗೆ ನಾಲ್ಕನೆಯದು. 160 ಜನರಿಗೆ ಮೂರು ಸ್ಲಾಟ್ ಸಾಕಾಗಿತ್ತು, 161ನೆಯವಳಿಗೂ ಇರುವುದು ಮೂರೇ ಪತ್ರಿಕೆ, ಆದರೂ ಇಡೀ ಕಾಲೇಜಿಗೆ ಒಂದು ಸ್ಲಾಟ್ ಜಾಸ್ತಿಯಾಯಿತು. ಗಮನಿಸಿ, ಬಣ್ಣದ ನಿಯಮಕ್ಕೆ 60 ಜನರ ಗೆರೆಯೂ ಒಂದೇ, ಒಬ್ಬಳ ಗೆರೆಯೂ ಒಂದೇ. ಅತಿ ಹೆಚ್ಚು ಪತ್ರಿಕೆ ಬರೆಯುವವರು ಎಷ್ಟು ಬರೆಯುತ್ತಾರೋ ಅಷ್ಟು ಸ್ಲಾಟ್ ಬೇಕೇ ಬೇಕು, ಅದು ನಿಜ. ಅಷ್ಟೇ ಸಾಕು ಅನ್ನುವುದು ಮಾತ್ರ ನಿಜವಲ್ಲ.

ಇನ್ನು ಬಣ್ಣ ಹಚ್ಚುವ ಕೆಲಸ. ಎಲ್ಲರಿಗೂ ಮೊದಲು ಹೊಳೆಯುವ ದಾರಿ ಅಂದರೆ, ಪಟ್ಟಿಯಲ್ಲಿ ಮೇಲಿನಿಂದ ಒಂದೊಂದೇ ಪತ್ರಿಕೆ ತೆಗೆದುಕೊಂಡು, ಜಗಳ ಬರದ ಮೊದಲ ಸ್ಲಾಟ್‌ಗೆ ಹಾಕುತ್ತಾ ಹೋಗುವುದು. ಕೈಯಲ್ಲಿ ವೇಳಾಪಟ್ಟಿ ಮಾಡುವವರು ಹೆಚ್ಚುಕಡಿಮೆ ಮಾಡುವುದೂ ಇದನ್ನೇ. ಆ ವಿದ್ಯಾರ್ಥಿನಿ ಬರುವ ಮುಂಚಿನ, ಮೂರು ಸ್ಲಾಟ್ ಸಾಕಾಗುವ ಚಿತ್ರವನ್ನೇ ತೆಗೆದುಕೊಳ್ಳಿ, ಪಟ್ಟಿ ಇತಿಹಾಸ, ಭೌತಶಾಸ್ತ್ರ, ಅರ್ಥಶಾಸ್ತ್ರ, ಗಣಿತ, ಭೂಗೋಳ, ಭಾಷೆ ಅನ್ನುವ ಕ್ರಮದಲ್ಲಿರಲಿ. ಇತಿಹಾಸ 1. ಭೌತಶಾಸ್ತ್ರಕ್ಕೂ ಅದಕ್ಕೂ ಗೆರೆ ಇಲ್ಲ, ಅದೂ 1. ಅರ್ಥಶಾಸ್ತ್ರ ಇತಿಹಾಸದ ಪಕ್ಕದ್ದು, ಆದ್ದರಿಂದ 2. ಗಣಿತ ಸಿಕ್ಕಿಬಿತ್ತು: ಒಂದು ಕಡೆ ಭೌತಶಾಸ್ತ್ರ 1, ಇನ್ನೊಂದು ಕಡೆ ಅರ್ಥಶಾಸ್ತ್ರ 2, ಹೀಗಾಗಿ 3. ಭೂಗೋಳ 2. ಕೊನೆಗೆ ಬಂದ ಭಾಷೆಗೆ 4. ಯಾವ ತಪ್ಪನ್ನೂ ಮಾಡದೆ, ಸುಮ್ನೆ ಕ್ರಮ ಕೆಟ್ಟಿದ್ದಕ್ಕೆ ಒಂದು ಸ್ಲಾಟ್ ದಂಡ.

1967ರಲ್ಲಿ ವೆಲ್ಶ್ ಮತ್ತು ಪೊವೆಲ್ ಅನ್ನುವ ಇಬ್ಬರು ಸಂಶೋಧಕರು ಇದಕ್ಕೆ ಸರಳ ಉಪಾಯ ಹೇಳಿದರು: ಜಾಸ್ತಿ ಗೆರೆ ಇರುವ ಚುಕ್ಕೆಗೆ ಮೊದಲು ಬಣ್ಣ ಹಚ್ಚಿ. ಜಗಳಗಂಟ ಪತ್ರಿಕೆಗಳನ್ನು ಜಾಗ ಖಾಲಿ ಇರುವಾಗಲೇ ಕೂರಿಸಿಬಿಡುವುದು ಅಂತ. ಇಲ್ಲಿ ಭಾಷೆಗೆ 5 ಗೆರೆ, ಅರ್ಥಶಾಸ್ತ್ರ, ಗಣಿತ, ಇತಿಹಾಸಕ್ಕೆ ಮೂರು ಮೂರು, ಉಳಿದೆರಡಕ್ಕೆ ಎರಡೆರಡು. ಈ ಕ್ರಮದಲ್ಲಿ ಹಚ್ಚಿ ನೋಡಿ, ಮೂರರಲ್ಲೇ ಮುಗಿಯುತ್ತದೆ. 1979ರಲ್ಲಿ ಬ್ರೆಲಾಜ್ ಅನ್ನುವ ಗಣಿತಜ್ಞ ಇನ್ನೂ ಚುರುಕಾದ ದಾರಿ ಕೊಟ್ಟರು. ಅವರು ಕ್ರಮವನ್ನು ಮೊದಲೇ ಗಟ್ಟಿ ಮಾಡುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಯಾವ ಚುಕ್ಕೆಯ ಸುತ್ತ ಅತಿ ಹೆಚ್ಚು ಬೇರೆ ಬೇರೆ ಬಣ್ಣ ಬಂದುಬಿಟ್ಟಿದೆಯೋ, ಅಂದರೆ ಯಾರಿಗೆ ಆಯ್ಕೆ ಕಡಿಮೆ ಉಳಿದಿದೆಯೋ, ಅದನ್ನು ಮೊದಲು ಮುಗಿಸುತ್ತಾರೆ.

ಎರಡೂ ಒಳ್ಳೆಯ ಉಪಾಯಗಳೇ, ಆದರೆ ದೊಡ್ಡ ಚಿತ್ರದಲ್ಲಿ ಎರಡೂ ಎಡವಬಹುದು. ತಮಾಷೆ ಏನಂದರೆ, ಅತಿ ಕಡಿಮೆ ಸ್ಲಾಟ್ ಕೊಡುವ ಒಂದು ಕ್ರಮ ಯಾವಾಗಲೂ ಇದ್ದೇ ಇರುತ್ತದೆ, ಅದು ಎಲ್ಲಿದೆ ಅಂತ ಹುಡುಕುವುದೇ ಕಷ್ಟ. 6 ಪತ್ರಿಕೆಗೆ 720 ಕ್ರಮ, ಬೇಕಾದರೆ ಎಲ್ಲವನ್ನೂ ನೋಡಬಹುದು. 30 ಪತ್ರಿಕೆಗೆ ಅದು 33 ಅಂಕಿಯ ಸಂಖ್ಯೆ. ಎರಡು ಬಣ್ಣ ಸಾಕೇ ಅಂತ ಬೇಗ ಹೇಳಬಹುದು, ಮೂರು ಅಥವಾ ಅದಕ್ಕಿಂತ ಹೆಚ್ಚು ಬಣ್ಣ ಸಾಕೇ ಅನ್ನುವ ಪ್ರಶ್ನೆಗೆ ಎಲ್ಲ ಚಿತ್ರಗಳಲ್ಲೂ ಬೇಗ ಉತ್ತರ ಕೊಡುವ ದಾರಿ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಲೆಕ್ಕಕ್ಕಿಂತ ಮುಂಚೆಯೇ ಕೆಡುವ ಒಂದು ಜಾಗವಿದೆ: ಹಳೆಯ ಸಿಲಬಸ್ಸಿನವರಿಗೂ ಹೊಸಬರಿಗೂ ಪ್ರಶ್ನೆಪತ್ರಿಕೆ ಒಂದೇ, ಕೋಡ್ ಮಾತ್ರ ಬೇರೆ. ಎರಡೂ ಕೋಡ್ ಇರುವ ವಿದ್ಯಾರ್ಥಿ ಯಾರೂ ಇಲ್ಲ, ಆದ್ದರಿಂದ ಗೆರೆಯೂ ಇಲ್ಲ. ಗ್ರಾಫ್‌ಗೆ ಅವು ಸಂಬಂಧವೇ ಇಲ್ಲದ ಎರಡು ಚುಕ್ಕೆಗಳು, ಒಂದನ್ನು ಸೋಮವಾರಕ್ಕೂ ಇನ್ನೊಂದನ್ನು ಗುರುವಾರಕ್ಕೂ ಹಾಕಿಬಿಡುತ್ತದೆ. ಸೋಮವಾರ ಸಂಜೆಗೇ ಗುರುವಾರದ ಪ್ರಶ್ನೆಗಳು ಎಲ್ಲರ ಕೈಯಲ್ಲಿ! ಅಂಥ ಕೋಡ್‌ಗಳನ್ನು ಬಣ್ಣ ಹಚ್ಚುವ ಮುಂಚೆಯೇ ಒಂದೇ ಚುಕ್ಕೆಯಾಗಿ ಬೆಸೆಯಬೇಕು. ಹಿಂದಿನ ವರ್ಷದ ಬಾಕಿ ಪತ್ರಿಕೆ ಬರೆಯುವವರ ಹೆಸರು ಬಿಟ್ಟುಹೋದರೆ ಉಲ್ಟಾ ಆಗುತ್ತದೆ, ಇರಬೇಕಾದ ಗೆರೆಯೇ ಇರುವುದಿಲ್ಲ, ಜಗಳ ಪರೀಕ್ಷೆಯ ದಿನ ಬಾಗಿಲಲ್ಲಿ ಗೊತ್ತಾಗುತ್ತದೆ.

ಬಣ್ಣಕ್ಕೆ ಸ್ಲಾಟ್‌ಗಳ ಹಿಂದೆ-ಮುಂದೆಯೂ ಗೊತ್ತಿಲ್ಲ. ಕೆಂಪು ಬೆಳಿಗ್ಗೆಯೋ, ಮೂರು ದಿನ ಬಿಟ್ಟೋ, ಅದಕ್ಕೆ ಎರಡೂ ಒಂದೇ. ಇದರಿಂದ ಒಂದು ಲಾಭವಿದೆ, ಬಣ್ಣ ಹಚ್ಚಿ ಮುಗಿಸಿದ ಮೇಲೆ ಇಡೀ ಸ್ಲಾಟ್‌ಗಳನ್ನು ಹೇಗೆ ಅದಲುಬದಲು ಮಾಡಿದರೂ ಹೊಸ ಜಗಳ ಹುಟ್ಟುವುದಿಲ್ಲ. ಬೆನ್ನುಬೆನ್ನಿಗೆ ಎರಡು ಪರೀಕ್ಷೆ ಬರುವವರನ್ನು ಆಮೇಲೆ ಹೀಗೆ ಕಡಿಮೆ ಮಾಡಬಹುದು.

ಮತ್ತೆ ನಮ್ಮ 161ನೆಯವಳು. ನಾಲ್ಕನೇ ಸ್ಲಾಟ್‌ಗೆ ನಿಜವಾಗಿಯೂ ಜಾಗ ಇಲ್ಲದಿದ್ದರೆ ಆಕೆಯ ಗೆರೆಯನ್ನು ಅಳಿಸಿ, ಮೂರು ಬಣ್ಣದಲ್ಲೇ ಪಟ್ಟಿ ಮುಗಿಸುತ್ತಾರೆ. ಭೌತಶಾಸ್ತ್ರ, ಭೂಗೋಳ ಎರಡೂ ಒಂದೇ ಹೊತ್ತಿಗೆ ಬರುತ್ತವೆ. ಆಕೆ ಮೊದಲು ಭೌತಶಾಸ್ತ್ರ ಬರೆಯುತ್ತಾಳೆ. ಆಮೇಲೆ ಫೋನ್ ಇಲ್ಲದೆ, ಯಾರ ಜೊತೆಗೂ ಮಾತಾಡದೆ, ಮೇಲ್ವಿಚಾರಕರೊಬ್ಬರ ಕಣ್ಣೆದುರೇ ಊಟ ಮುಗಿಸಿ, ಭೂಗೋಳಕ್ಕೆ ಕೂರುತ್ತಾಳೆ.